ಮುಂಬಯಿಯಲ್ಲಿ ಏಳನೆಯ ದಿನ

ಚಿತ್ರದಲ್ಲಿರುವುದು ಮರೀನ್ ಡ್ರೈವ್. ಕಟ್ಟೆಯ ಮೇಲೆ ಕಾಣುತ್ತಿರುವ ಚಪ್ಪಲಿಗಳು ನನ್ನವು. ನನ್ನ ಫೋಟೊ ತೆಗೆಯಲು ಜೊತೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆ ಗೌರವ ಅವಕ್ಕೆ ಸಂದಿದೆ. ಸಾಗರವೆಂಬ ಊರಿನಲ್ಲಿ ಇಪ್ಪತ್ತಮೂರು ವರ್ಷ ಬೆಳೆದರೂ, ಕೆಲಸ ಮುಗಿಸಿ ಕಡಲ ದಂಡೆಗೆ ಹೋಗಿ ಬರಬಹುದಾದ ಊರು ನನಗೆ ಸಿಕ್ಕಿದ್ದು ಈಗಲೇ.

ವಾಸ ಅಂಧೇರಿಯ ಪಿಜಿಯಲ್ಲಿ, ಕಚೇರಿ ಲೋವರ್ ಪರೇಲ್‌ನಲ್ಲಿ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಹಳೆಯ ಬಟ್ಟೆ ಗಿರಣಿಯೊಂದರ ಚಿಮಣಿ ಕಾಣುತ್ತದೆ. 1982ರ ಮುಷ್ಕರದ ನಂತರ ಒಂದೊಂದಾಗಿ ಬಾಗಿಲು ಹಾಕಿದ ಗಿರಣಿಗಳ ಜಾಗದಲ್ಲೇ ಈಗ ನಮ್ಮಂಥವರ ಕಚೇರಿಗಳು ಎದ್ದಿವೆ. ಮೊದಲ ದಿನ ಕೊಟ್ಟ ಗುರುತಿನ ಚೀಟಿಯನ್ನು ರೈಲಿನಲ್ಲೂ ಕೊರಳಿಂದ ತೆಗೆಯದೆ ಬಂದೆನೆಂದು ಒಪ್ಪಿಕೊಳ್ಳುತ್ತೇನೆ. ಮರೆತು ಅಲ್ಲ, ಬೇಕೆಂದೇ.

ರೈಲು ಮಾತ್ರ ಬೇರೆಯೇ ವಿದ್ಯೆ. ಬುಧವಾರ ಗೊತ್ತಿಲ್ಲದೆ ಫಾಸ್ಟ್ ಲೋಕಲ್ ಹತ್ತಿದವಳ ಕಣ್ಣೆದುರೇ ಲೋವರ್ ಪರೇಲ್ ಹಾದುಹೋಯಿತು. ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದು, ಸ್ಲೋ ಗಾಡಿ ಹಿಡಿದು ಹಿಂದಿರುಗಿದೆ. ಮಹಿಳೆಯರ ಡಬ್ಬಿಯಲ್ಲಿ ನಿಂತವರು ಕುಳಿತವರನ್ನು ‘ಕಹಾಂ ಉತರ್‌ನಾ ಹೈ?’ ಎಂದು ಕೇಳಿ, ಅವರು ಇಳಿಯುವ ಮೊದಲೇ ಸೀಟನ್ನು ಕಾದಿರಿಸಿಕೊಳ್ಳುತ್ತಾರೆ. ಮೂವರು ಕೂರುವ ಕಡೆ ನಾಲ್ಕನೆಯವಳಾಗಿ ಅಂಚಿನಲ್ಲಿ ಕೂರುವ ಹಕ್ಕೂ ಎಲ್ಲರಿಗೂ ಇದೆ. ಶುಕ್ರವಾರ ನನಗೂ ಆ ಅಂಚು ಸಿಕ್ಕಿತು, ಮತ್ತು ಈ ಊರಿನಲ್ಲಿ ಏನನ್ನೋ ಗೆದ್ದಷ್ಟು ಖುಷಿಯಾಯಿತು. ಆದರೆ ಕಚೇರಿಯ ಮಾತನ್ನು ಬಿಟ್ಟರೆ, ಶನಿವಾರದವರೆಗೂ ನನ್ನನ್ನು ಯಾರಾದರೂ ಕೇಳಿದ ಪ್ರಶ್ನೆಯೆಂದರೆ ಎಲ್ಲಿ ಇಳಿಯುತ್ತೀ ಎಂಬುದೊಂದೇ.

ಮಂಗಳವಾರ ರಾತ್ರಿ ಪಿಜಿಯ ಅನ್ನ-ದಾಲ್ ಜೊತೆಗಿರಲೆಂದು ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತೆರೆದೆ. ಸೊನೆಯ ವಾಸನೆ ಕೋಣೆಯ ತುಂಬ ಹರಡಿತು, ನಮ್ಮ ಅಡುಗೆಮನೆಯೇ ಎದ್ದು ಬಂದಂತಾಯಿತು. ಒಂದು ಮಿಡಿಯನ್ನೂ ತೆಗೆಯದೆ ಮುಚ್ಚಳ ಬಿಗಿದುಬಿಟ್ಟೆ. ಆಮೇಲೆ ಬಂದ ಫೋನಿನಲ್ಲಿ, ಉಪ್ಪಿನಕಾಯಿ ಚೆನ್ನಾಗಿದೆ ಎಂದು ಅಮ್ಮನಿಗೆ ಹೇಳಿದೆ.

ಇಂದು ಬೆಳಿಗ್ಗೆ ಮಾಟುಂಗಾ ರೋಡಿನಲ್ಲಿ ಇಳಿದು, ಪೂರ್ವಕ್ಕೆ ನಡೆದು, ಉಡುಪಿ ಹೋಟೆಲೊಂದರಲ್ಲಿ ಹರುಕು ಹಿಂದಿಯಲ್ಲಿ ಇಡ್ಲಿ ಹೇಳಿದೆ. ತಟ್ಟೆ ಇಡುತ್ತಿದ್ದ ಹಿರಿಯರು ನನ್ನ ಹಿಂದಿಯನ್ನು ಕೇಳಿಯೇ ಗುರುತು ಹಿಡಿದಿರಬೇಕು: ‘ಯಾವೂರಾಯ್ತು ಮಗಾ?’ ಎಂದರು. ಊರಿನ ಹೆಸರು ಹೇಳಿದ್ದರೆ ಸಾಕಾಗಿತ್ತು. ನಾನು ಕೇರಿ, ಅಡಿಕೆ ತೋಟ, ತೋಟಕ್ಕೆ ಬರುವ ಮಂಗಗಳು, ಹೋದ ವರ್ಷದ ಮಳೆ ಎಲ್ಲವನ್ನೂ ಹೇಳಿದೆ. ಅವರು ಇನ್ನೊಂದು ಮೇಜಿಗೆ ಹೋಗಬೇಕಾದ ಸಾಂಬಾರಿನ ಬಕೆಟ್ಟನ್ನು ಹಿಡಿದುಕೊಂಡೇ ಕೇಳಿದರು.