ಜರ್ಮನಿ ಪ್ರವಾಸದ ತುರ್ತು ಕಾರ್ಡು: ಕನ್ನಡ–ಜರ್ಮನ್

(ಈ ಕಾರ್ಡು ಪಾಸ್‌ಪೋರ್ಟಿನ ಹೊದಿಕೆಯೊಳಗೇ ಇರಬೇಕು. ಜರ್ಮನ್ ವಾಕ್ಯಗಳನ್ನು ಗಟ್ಟಿಯಾಗಿ ಓದಿ ಹೇಳಲೆಂದು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದೇನೆ. ಮ್ಯೂನಿಕ್‌ನಲ್ಲಿರುವ ಸೊಸೆ ಅವನ್ನು ತಿದ್ದಿಕೊಟ್ಟಿದ್ದಾಳೆ. ನನಗೆ ಮಾತಾಡಲು ಆಗದಿದ್ದರೆ ನನ್ನ ಯಜಮಾನರು ಓದುತ್ತಾರೆ.)

ಮೊದಲು 112ಕ್ಕೆ ಕರೆ

ಇದು ನಮ್ಮ ದೇಶದಲ್ಲಿರುವ ಸಂಖ್ಯೆಯೇ ಆದ್ದರಿಂದ ಮರೆಯುವ ಭಯವಿಲ್ಲ. 116117 ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗಳಿಗೆ ಇರುವ ಸಂಖ್ಯೆ; ಎದೆನೋವಿಗಾಗಲಿ ಉಸಿರು ಕಟ್ಟಿದಾಗಲಾಗಲಿ ಅದಕ್ಕೆ ಕರೆ ಮಾಡಬಾರದು. ಮನೆಯ ವಿಳಾಸವಿರುವ ಚೀಟಿ ಇದೇ ಹೊದಿಕೆಯ ಹಿಂಬದಿಯಲ್ಲಿದೆ.

ನನಗೆ ಜರ್ಮನ್ ಬರುವುದಿಲ್ಲ. ನನಗೆ ತುರ್ತು ವೈದ್ಯರು ಬೇಕು.
— ಇಶ್ ಶ್ಪ್ರೆಷೆ ಕೈನ್ ಡೊಯ್ಚ್. ಇಶ್ ಬ್ರೌಖೆ ಐನೆನ್ ನೋಟ್‌ಆರ್ಟ್ಸ್ಟ್.

ಅವರು ಕೇಳಿದ್ದಕ್ಕೆ ತಲೆಯಾಡಿಸಿ ಉತ್ತರಿಸಬಾರದು, ಏಕೆಂದರೆ ನಾವು ಹೌದೆಂದು ತಲೆ ತೂಗುವುದು ಅವರಿಗೆ ಇಲ್ಲವೆಂಬಂತೆ ಕಾಣಬಹುದು. ಹೌದಾದರೆ "ಯಾ", ಇಲ್ಲವಾದರೆ "ನೈನ್" ಎಂದು ಬಾಯಿಬಿಟ್ಟೇ ಹೇಳಬೇಕು.

ಎದೆನೋವು

ನನಗೆ ಎದೆಯಲ್ಲಿ ಜೋರಾದ ನೋವಿದೆ. ಎದೆಯ ಮೇಲೆ ಕಲ್ಲು ಹೇರಿದಂತೆ ಒತ್ತುತ್ತಿದೆ.
— ಇಶ್ ಹಾಬೆ ಶ್ಟಾರ್ಕೆ ಶ್ಮೆರ್ಟ್ಸೆನ್ ಇನ್ ಡೇರ್ ಬ್ರುಸ್ಟ್. ಎಸ್ ಇಸ್ಟ್ ವೀ ಐನ್ ಡ್ರುಕ್ ಔಫ್ ಡೇರ್ ಬ್ರುಸ್ಟ್.

ನೋವು ಎಡಗೈಗೂ ದವಡೆಗೂ ಹರಿಯುತ್ತಿದೆ. (ಹರಿಯದಿದ್ದರೆ ಈ ಸಾಲನ್ನು ಓದಬಾರದು.)
— ಡೇರ್ ಶ್ಮೆರ್ಟ್ಸ್ ಗೇಟ್ ಇನ್ ಡೇನ್ ಲಿಂಕೆನ್ ಆರ್ಮ್ ಉಂಡ್ ಇನ್ ಡೇನ್ ಕೀಫರ್.

2021ರಲ್ಲಿ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ.
— ಇಶ್ ಹಾಬೆ ಐನೆನ್ ಸ್ಟೆಂಟ್ ಇಮ್ ಹೆರ್ಟ್ಸೆನ್.

ನೋವು ಶುರುವಾದ ಹೊತ್ತನ್ನು ಕೈಗಡಿಯಾರದ ಮುಳ್ಳಿನ ಮೇಲೆ ಬೆರಳಿಟ್ಟು ತೋರಿಸಬೇಕು. ಯಜಮಾನರಿಗೆ ಒಂದು ಮಾತು: ಊರಿನಲ್ಲಿ ಎಲ್ಲಕ್ಕೂ "ಗ್ಯಾಸ್ ಇರಬೇಕು" ಎಂದು ಹೇಳಿ ಜೀರಿಗೆ ಕಷಾಯ ಕೊಟ್ಟು ಕಾಯುವ ಅಭ್ಯಾಸ ನಮ್ಮಿಬ್ಬರಿಗೂ ಇದೆ, ಸ್ಟೆಂಟ್ ಇರುವ ಈ ಎದೆಯ ವಿಷಯದಲ್ಲಿ ಅದನ್ನು ಮಾಡಬಾರದು, ಅವರ ಮುಂದೆ ಗ್ಯಾಸ್ ಎಂಬ ಊಹೆಯನ್ನು ಹೇಳಲೂಬಾರದು.

ಅಲರ್ಜಿ

ನನಗೆ ಪೆನಿಸಿಲಿನ್ ಮತ್ತು ಎಳ್ಳು ಆಗುವುದಿಲ್ಲ.
— ಇಶ್ ಬಿನ್ ಅಲೆರ್ಗಿಶ್ ಗೇಗೆನ್ ಪೆನಿಟ್ಸಿಲೀನ್ ಉಂಡ್ ಜೇಸಾಮ್.

1998ರಲ್ಲಿ ಪೆನಿಸಿಲಿನ್ ಇಂಜೆಕ್ಷನ್ ಪಡೆದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರಾಟಕ್ಕೆ ತೊಂದರೆಯಾಗಿತ್ತು; ಆದ್ದರಿಂದ ಅದೇ ಗುಂಪಿಗೆ ಸೇರಿದ ಅಮಾಕ್ಸಿಸಿಲಿನ್ ಅನ್ನೂ ಕೊಡಬಾರದು. ಎಳ್ಳಿನಿಂದ ಗಂಟಲು ಊದಿಕೊಳ್ಳುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನೇ ಮುಟ್ಟದ ನಾನು ಇಲ್ಲಿನ ಬ್ರೆಡ್ಡಿನ ಮೇಲೆ ಉದುರಿಸಿದ ಎಳ್ಳನ್ನು ಗಮನಿಸದೆ ತಿಂದಿರುವ ಸಾಧ್ಯತೆ ಇದೆ. ಅಡ್ರಿನಲಿನ್ ಪೆನ್ನು ನನ್ನ ಬಳಿ ಇಲ್ಲ.

ನನ್ನ ಗಂಟಲು ಊದಿ ಮುಚ್ಚಿಕೊಳ್ಳುತ್ತಿದೆ.
— ಮೈನ್ ಹಾಲ್ಸ್ ಶ್ವಿಲ್ಟ್ ಟ್ಸೂ.

ಆಸ್ಪಿರಿನ್ ನನಗೆ ಒಗ್ಗುತ್ತದೆ. (ಉಬ್ಬಸ ಇರುವವರಲ್ಲಿ ಕೆಲವರಿಗೆ ಅದು ಒಗ್ಗದ ಕಾರಣ ಅವರು ಇದನ್ನು ಕೇಳಬಹುದು.)
— ಆಸ್ಪಿರೀನ್ ಫೆರ್‌ಟ್ರಾಗೆ ಇಶ್.

ಉಸಿರಾಟದ ತೊಂದರೆ

ನನಗೆ ಉಸಿರಾಡಲು ಆಗುತ್ತಿಲ್ಲ. ನನಗೆ ಉಬ್ಬಸವಿದೆ.
— ಇಶ್ ಬೆಕೊಮೆ ಕೈನೆ ಲುಫ್ಟ್. ಇಶ್ ಹಾಬೆ ಆಸ್ಟ್‌ಮಾ.

ದಯವಿಟ್ಟು ನನ್ನನ್ನು ಮಲಗಿಸಬೇಡಿ.
— ಬಿಟೆ ನಿಷ್ಟ್ ಹಿನ್‌ಲೇಗೆನ್.

ದಮ್ಮು ಬಂದಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ನನಗೆ ಹಾಯೆನಿಸುತ್ತದೆ. ಪೂರ್ತಿ ವಾಕ್ಯ ಹೇಳುವಷ್ಟು ಉಸಿರು ಇಲ್ಲದಿದ್ದರೆ "ಕೈನೆ ಲುಫ್ಟ್" ಎಂಬ ಎರಡೇ ಪದ ಸಾಕು. ಗಾಳಿ ಇಲ್ಲ ಎಂದು ಅದರ ಅರ್ಥ. ನೀಲಿ ಇನ್‌ಹೇಲರ್ ಕೈಚೀಲದ ಹೊರಜೇಬಿನಲ್ಲಿದೆ. ಅವರು ಬರುವಷ್ಟರಲ್ಲಿ ಎಷ್ಟು ಸಲ ಎಳೆದುಕೊಂಡೆ ಎಂಬುದನ್ನು ಯಜಮಾನರು ಬೆರಳೆಣಿಸಿ ತೋರಿಸಬೇಕು.

ದಿನದ ಔಷಧಿಗಳು

ನಮ್ಮ ಅಂಗಡಿಯ ಬ್ರ್ಯಾಂಡ್ ಹೆಸರುಗಳು ಅಲ್ಲಿನವರಿಗೆ ಗುರುತು ಸಿಗದಿರಬಹುದೆಂದು ಮೂಲ ಔಷಧಿಯ ಹೆಸರನ್ನೇ ಬರೆದಿದ್ದೇನೆ: ಬೆಳಿಗ್ಗೆ ಅಮ್ಲೋಡಿಪೈನ್ 5 ಮಿಲಿಗ್ರಾಂ, ಮಧ್ಯಾಹ್ನ ಊಟವಾದ ಮೇಲೆ ಆಸ್ಪಿರಿನ್ 75 ಮಿಲಿಗ್ರಾಂ, ರಾತ್ರಿ ಅಟಾರ್ವಾಸ್ಟಾಟಿನ್ 20 ಮಿಲಿಗ್ರಾಂ, ಉಬ್ಬಸ ಬಂದಾಗ ಮಾತ್ರ ಸಾಲ್ಬ್ಯುಟಮಾಲ್. ಮಾತ್ರೆಗಳ ಪಟ್ಟಿಗಳನ್ನೂ ಅವರ ಕೈಗೆ ಕೊಡಬೇಕು. ನನ್ನ ವಯಸ್ಸು 67. ರಕ್ತದ ಗುಂಪನ್ನು ಬೇಕೆಂದೇ ಬರೆದಿಲ್ಲ. ಆಸ್ಪತ್ರೆಯವರು ತಾವೇ ಪರೀಕ್ಷಿಸಿ ನೋಡುತ್ತಾರೆ.

ದಯವಿಟ್ಟು ನನ್ನ ಮಗನಿಗೆ ಕರೆ ಮಾಡಿ.
— ಬಿಟೆ ರೂಫೆನ್ ಜೀ ಮೈನೆನ್ ಜೋನ್ ಆನ್.

ಅವನ ಸಂಖ್ಯೆ ನನ್ನ ಮೊಬೈಲಿನ ತುರ್ತು ಸಂಪರ್ಕದಲ್ಲಿದೆ. ಪರದೆಯ ಬೀಗ ತೆಗೆಯದೆಯೇ ಅದನ್ನು ಒತ್ತಬಹುದು.