ಮಿಶ್ರ ಸಾಮರ್ಥ್ಯದ ತರಗತಿಯಲ್ಲಿ ಶ್ರೇಣೀಕೃತ ಚಟುವಟಿಕೆಗಳು

ಬಿ.ಇಡಿ. ನಿಯೋಜಿತ ಕಾರ್ಯ: ವಿಭೇದಿತ ಬೋಧನೆ
ತರಗತಿ: ಏಳು. ವಿಷಯ: ಗಣಿತ. ಪಾಠಾಂಶ: ಲಾಭ ಮತ್ತು ನಷ್ಟ

ಕಾರವಾರ ತಾಲ್ಲೂಕಿನ ಕಡಲಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬೋಧನಾಭ್ಯಾಸಕ್ಕಾಗಿ ನನಗೆ ವಹಿಸಿದ ಏಳನೇ ತರಗತಿಯಲ್ಲಿ 34 ಮಕ್ಕಳಿದ್ದರು. ಹೆಚ್ಚಿನವರ ಮನೆಮಾತು ಕೊಂಕಣಿ. ಶೇಕಡಾವನ್ನು ಬಾಯಲ್ಲೇ ಲೆಕ್ಕ ಹಾಕುವವರೂ ಭಾಗಾಕಾರದಲ್ಲಿ ತಡವರಿಸುವವರೂ ಒಂದೇ ಬೆಂಚಿನಲ್ಲಿ ಕುಳಿತಿದ್ದ ಈ ತರಗತಿಗೆ ‘ಲಾಭ ಮತ್ತು ನಷ್ಟ’ವನ್ನು ಮೂರು ಅವಧಿಗಳಲ್ಲಿ ಕಲಿಸಿದ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ವಿಭೇದಿತ ಬೋಧನೆಯ ಬಗ್ಗೆ ಬರೆದಿರುವ ಅಮೆರಿಕದ ಶಿಕ್ಷಣ ತಜ್ಞೆ ಕರೋಲ್ ಆನ್ ಟಾಮ್ಲಿನ್ಸನ್ ಅವರ ಪ್ರಕಾರ ಶಿಕ್ಷಕರು ಕಲಿಕೆಯ ವಸ್ತು, ಪ್ರಕ್ರಿಯೆ ಮತ್ತು ಉತ್ಪನ್ನಗಳನ್ನು ಮಕ್ಕಳ ಸಿದ್ಧತೆ, ಆಸಕ್ತಿ ಹಾಗೂ ಕಲಿಯುವ ರೀತಿಗೆ ತಕ್ಕಂತೆ ಬದಲಿಸಬಹುದು. ಶ್ರೇಣೀಕೃತ ಚಟುವಟಿಕೆಯು ಇವುಗಳಲ್ಲಿ ಮುಖ್ಯವಾಗಿ ಸಿದ್ಧತೆಯನ್ನು ಆಧರಿಸಿದೆ. ಎಲ್ಲರಿಗೂ ಕಲಿಕಾ ಫಲ ಒಂದೇ. ಅದನ್ನು ತಲುಪಲು ದೊರೆಯುವ ಆಸರೆ ಮತ್ತು ಸಮಸ್ಯೆಯ ಜಟಿಲತೆ ಮಾತ್ರ ಬೇರೆ. ನಿಧಾನವಾಗಿ ಕಲಿಯುವವರಿಗೆ ಐದು ಲೆಕ್ಕ, ಚುರುಕಾದವರಿಗೆ ಹದಿನೈದು ಲೆಕ್ಕ ಕೊಡುವುದು ಶ್ರೇಣೀಕರಣವಲ್ಲ, ಅದು ಕೆಲಸದ ಹಂಚಿಕೆ ಅಷ್ಟೆ. ಮಗು ಒಬ್ಬಂಟಿಯಾಗಿ ಮಾಡಬಲ್ಲದ್ದಕ್ಕೂ ನೆರವಿನೊಂದಿಗೆ ಮಾಡಬಲ್ಲದ್ದಕ್ಕೂ ನಡುವಿನ ಅಂತರದಲ್ಲಿ ಕಲಿಕೆ ನಡೆಯುತ್ತದೆ ಎಂಬ ವೈಗೋಟ್‌ಸ್ಕಿ ಅವರ ವಿಚಾರವೇ ಇದರ ತಳಹದಿ.

ಗುಂಪು ಮಾಡುವ ಮೊದಲು ನಾಲ್ಕು ಪ್ರಶ್ನೆಗಳ ನೈದಾನಿಕ ಪರೀಕ್ಷೆ ನಡೆಸಿದೆ. ಉತ್ತರಗಳ ಆಧಾರದ ಮೇಲೆ ಹೆಚ್ಚು ಆಸರೆ ಬೇಕಾದ ಮೊದಲ ಶ್ರೇಣಿಗೆ 11, ಎರಡನೆಯದಕ್ಕೆ 15, ಮೂರನೆಯದಕ್ಕೆ 8 ಮಕ್ಕಳು ಬಂದರು. ಇಲ್ಲಿಯೇ ನನ್ನಿಂದ ಒಂದು ತಪ್ಪಾಯಿತು. ಹಾಳೆಯನ್ನು ಬಹುತೇಕ ಖಾಲಿ ಬಿಟ್ಟಿದ್ದ ಒಬ್ಬ ಹುಡುಗಿಯನ್ನು ಮಧ್ಯಾಹ್ನ ಕರೆದು ಅದೇ ಲೆಕ್ಕವನ್ನು ಬಾಯಿಮಾತಿನಲ್ಲಿ ಕೇಳಿದಾಗ, ಸಂಜೆ ಬುಟ್ಟಿಯಲ್ಲಿ ಉಳಿದ ಮೀನನ್ನು ಬೆಲೆ ಇಳಿಸಿ ಮಾರಿದರೆ ಕೈಗೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಸೇರಿಸಿ ಅವಳು ತಡವಿಲ್ಲದೆ ಹೇಳಿದಳು. ಅವಳ ತಾಯಿ ಮೀನು ಮಾರುತ್ತಾರೆ. ಅವಳಿಗೆ ಕಷ್ಟವಾದದ್ದು ಗಣಿತವಲ್ಲ, ಮೂರು ಸಾಲಿನ ಕನ್ನಡ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳುವುದು. ಮೊದಲ ಶ್ರೇಣಿಯ ಉಳಿದವರನ್ನೂ ಹೀಗೆಯೇ ಕೇಳಿದ ಮೇಲೆ ಒಟ್ಟು ನಾಲ್ವರನ್ನು ಎರಡನೇ ಶ್ರೇಣಿಗೆ ಸೇರಿಸಿದೆ. ಓದಿನ ತೊಡಕನ್ನು ಗಣಿತದ ಕೊರತೆಯೆಂದು ತಿಳಿದು ಮಗುವನ್ನು ಕೆಳಗಿನ ಶ್ರೇಣಿಯಲ್ಲಿ ಕೂರಿಸುವುದು ಈ ವಿಧಾನದ ಅತಿದೊಡ್ಡ ಅಪಾಯವೆಂದು ನಾನು ಭಾವಿಸುತ್ತೇನೆ.

ಮೂರೂ ಶ್ರೇಣಿಗಳ ಸಮಸ್ಯೆಗಳು ಮೀನು ಮಾರುಕಟ್ಟೆಯ ಒಂದೇ ಸನ್ನಿವೇಶದಿಂದ ಹುಟ್ಟಿದವು. ಮೊದಲ ಶ್ರೇಣಿಯವರಿಗೆ ನೂರು ಚೌಕಗಳ ಹಾಳೆ ಮತ್ತು ಬಿಡಿಸಿ ತೋರಿಸಿದ ಒಂದು ಲೆಕ್ಕವನ್ನು ಕೊಟ್ಟು, 500 ರೂಪಾಯಿಗೆ ಕೊಂಡ ಬುಟ್ಟಿಯನ್ನು 600ಕ್ಕೆ, 800 ರೂಪಾಯಿಯದನ್ನು 720ಕ್ಕೆ ಮಾರಿದಾಗ ಶೇಕಡಾ ಎಷ್ಟು ಲಾಭ ಅಥವಾ ನಷ್ಟವೆಂದು ಕೇಳಿದೆ. ಉತ್ತರ ಕ್ರಮವಾಗಿ ಶೇ. 20 ಲಾಭ, ಶೇ. 10 ನಷ್ಟ. ಎರಡನೇ ಶ್ರೇಣಿಯವರಿಗೆ ಹಾಳೆಯ ಆಸರೆ ಇರಲಿಲ್ಲ: ಕಿಲೋಗೆ 120 ರೂಪಾಯಿಯಂತೆ 20 ಕಿಲೋ ಬಂಗಡೆ ಕೊಂಡು, ಐಸಿಗೂ ರಿಕ್ಷಾಕ್ಕೂ ಸೇರಿ 100 ರೂಪಾಯಿ ಖರ್ಚು ಮಾಡಿ, 15 ಕಿಲೋವನ್ನು 180ರಂತೆ, ಉಳಿದ ಐದನ್ನು ಸಂಜೆ 100ರಂತೆ ಮಾರಿದರೆ ಶೇಕಡಾ ಲಾಭವೆಷ್ಟು? ಐಸಿನ ಖರ್ಚನ್ನು ಅಸಲಿಗೆ ಸೇರಿಸಬೇಕೇ ಎಂಬ ಬಗ್ಗೆ ಗುಂಪಿನಲ್ಲಿ ಬಿಸಿ ಚರ್ಚೆಯೇ ನಡೆಯಿತು. ಸೇರಿಸಬೇಕೆಂದು ಆ ಹುಡುಗಿಯೇ ಮನವರಿಕೆ ಮಾಡಿಕೊಟ್ಟಳು. ಒಟ್ಟು ಅಸಲು 2,500, ಮಾರಾಟ 3,200, ಲಾಭ ಶೇ. 28. ಮೂರನೇ ಶ್ರೇಣಿಯ ಮಕ್ಕಳು ಕೊನೆಯಿಂದ ಮೊದಲಿಗೆ ಯೋಚಿಸಬೇಕಿತ್ತು: ಅಷ್ಟೇ ಅಸಲಿನ 20 ಕಿಲೋದಲ್ಲಿ 4 ಕಿಲೋ ಹಾಳಾದರೆ, ಶೇ. 20 ಲಾಭ ಉಳಿಯಲು ಮಿಕ್ಕದ್ದನ್ನು ಯಾವ ದರಕ್ಕೆ ಮಾರಬೇಕು? 187 ರೂಪಾಯಿ 50 ಪೈಸೆ ಎಂಬ ಉತ್ತರ ಬಂದ ಮೇಲೆ, ಆ ದರಕ್ಕೆ ಗಿರಾಕಿ ಸಿಗದಿದ್ದರೆ ಏನು ಮಾಡಬಹುದೆಂದು ಕಾರಣಸಹಿತ ಬರೆಯಬೇಕಿತ್ತು.

ಗುಂಪುಗಳಿಗೆ ಬಂಗಡೆ, ತಾರ್ಲೆ, ಸಿಗಡಿ ಎಂದು ಹೆಸರಿಟ್ಟಿದ್ದೆ. ಜಾಣರು, ದಡ್ಡರು ಎಂಬ ಸುಳಿವು ಹೆಸರಿನಲ್ಲಾಗಲಿ ಕೂರುವ ಜಾಗದಲ್ಲಾಗಲಿ ಇರಬಾರದು. ಮೊದಲ ಹತ್ತು ನಿಮಿಷ ಎಲ್ಲರಿಗೂ ಸಮಾನ ಪಾಠ, ನಂತರ ಇಪ್ಪತ್ತು ನಿಮಿಷ ಗುಂಪಿನ ಕೆಲಸ, ಕೊನೆಗೆ ಪ್ರತಿ ಗುಂಪಿನವರು ತಮ್ಮ ಲೆಕ್ಕವನ್ನು ಇಡೀ ತರಗತಿಗೆ ವಿವರಿಸಿದರು. ಗುಂಪಿನ ಕೆಲಸದ ಮೊದಲರ್ಧದಲ್ಲಿ ನಾನು ಮೊದಲ ಶ್ರೇಣಿಯವರ ಬಳಿಯೇ ಇದ್ದುದರಿಂದ ಮೂರನೇ ಶ್ರೇಣಿಯವರು ತಪ್ಪು ದಾರಿ ಹಿಡಿದದ್ದು ತಡವಾಗಿ ಗೊತ್ತಾಯಿತು. ಮರುದಿನ ಅವರಿಗೆ ಸುಳಿವಿನ ಚೀಟಿಗಳನ್ನು ಮೊದಲೇ ಸಿದ್ಧಪಡಿಸಿ ಕೊಟ್ಟೆ.

ಅವಧಿಯ ಕೊನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಯ ಚೀಟಿ ಕೊಟ್ಟು, ಬರೆಯಲು ಹಿಂಜರಿದವರಿಂದ ಬಾಯಿಮಾತಿನಲ್ಲೇ ಉತ್ತರ ಪಡೆದೆ. ಅದರ ಆಧಾರದ ಮೇಲೆ ಎರಡನೇ ಅವಧಿಗೆ ಮೊದಲ ಶ್ರೇಣಿಯ ಏಳು ಮಕ್ಕಳಲ್ಲಿ ಮೂವರು ಮೇಲಿನ ಶ್ರೇಣಿಗೆ ಹೋದರು, ಮೂರನೆಯದರಿಂದ ಒಬ್ಬ ಹುಡುಗ ಎರಡನೆಯದಕ್ಕೆ ಬಂದ. ಅಸಲು ಮತ್ತು ಮಾರಿದ ಬೆಲೆಗಳಲ್ಲಿ ಯಾವುದರ ಮೇಲೆ ಶೇಕಡಾ ಲೆಕ್ಕ ಹಾಕಬೇಕೆಂಬ ಗೊಂದಲ ಇನ್ನೂ ನಾಲ್ವರಲ್ಲಿ ಉಳಿದಿದ್ದುದರಿಂದ, ಮೂರನೇ ಅವಧಿಯನ್ನು ಅವರೊಂದಿಗೆ ನೂರು ಚೌಕಗಳ ಹಾಳೆಯಿಂದಲೇ ಮತ್ತೆ ಆರಂಭಿಸಿದೆ.