ಮುಂಜಾವು ಇಡ್ಲಿ-ದೋಸೆ ಹಿಟ್ಟು: ರೇಡಿಯೊ ಹಾಡಿನ ಸಾಹಿತ್ಯ

ಇದು ಅರವತ್ತು ಸೆಕೆಂಡಿನ ಹಾಡು. ಕೊನೆಯಲ್ಲಿ ಇದರದೇ ಎರಡು ಕಿರುರೂಪಗಳಿವೆ. ಪಲ್ಲವಿಯ ಮೊದಲ ನಾಲ್ಕು ಸಾಲುಗಳಲ್ಲಿ ತಲಾ ಹನ್ನೆರಡು ಮಾತ್ರೆಗಳಿರುವುದರಿಂದ ಒಂದೇ ಧಾಟಿಯಲ್ಲಿ, ಚಪ್ಪಾಳೆಯ ಲಯಕ್ಕೆ ಹಾಡಬಹುದು. ಹೆಸರು ಬರುವ ಸಾಲಿನಲ್ಲಿ ಮಾತ್ರ ನಡೆ ಐದು ಮಾತ್ರೆಗೆ ತಿರುಗುತ್ತದೆ. ಆ ತಿರುವನ್ನು ದಯವಿಟ್ಟು ಸರಿಪಡಿಸಬಾರದು, ಕೇಳುಗರ ಕಿವಿಯಲ್ಲಿ ಹೆಸರು ನಿಲ್ಲುವುದು ಅದರಿಂದಲೇ.

(ಆರಂಭದಲ್ಲಿ ಮಾತು. ಹಿನ್ನೆಲೆಯಲ್ಲಿ ಅಲಾರಾಂ ಸದ್ದು.)

ಮಗಳು: ಅಯ್ಯೋ ಅಮ್ಮ, ರಾತ್ರಿ ಅಕ್ಕಿ ನೆನೆಹಾಕುವುದನ್ನೇ ಮರೆತುಬಿಟ್ಟೆ!

ತಾಯಿ: ಮರೆತರೇನಂತೆ ಮಗಳೇ, ನಿನಗಾಗಿ ಯಾರೋ ನೆನೆಹಾಕಿ, ರುಬ್ಬಿ, ರಾತ್ರಿಯೆಲ್ಲ ಕಾದಿದ್ದಾರೆ. ಫ್ರಿಜ್ ತೆರೆದು ನೋಡು.

(ಪಲ್ಲವಿ. ಮೊದಲೆರಡು ಸಾಲುಗಳನ್ನು ಒಬ್ಬರು ಹಾಡುತ್ತಾರೆ, ಉಳಿದವನ್ನು ಎಲ್ಲರೂ.)

ನೆನೆಸುವ ಚಿಂತೆ ನಮಗಿರಲಿ,
ಕಾಯುವ ರಾತ್ರಿ ನಮಗಿರಲಿ,
ಬಿಸಿ ಬಿಸಿ ಇಡ್ಲಿ ನಿಮಗಿರಲಿ,
ಗರಿ ಗರಿ ದೋಸೆ ನಿಮಗಿರಲಿ!
ಮುಂಜಾವು, ಮುಂಜಾವು, ಮನೆಗೊಂದು ಮುಂಜಾವು!

(ಚರಣ ಒಂದು. ತಾಳ ನಿಧಾನ; ಕಲ್ಲು ತಿರುಗುವ ಸದ್ದು ಮೆಲ್ಲಗೆ ಜೊತೆಗಿರಲಿ.)

ಅಕ್ಕಿಯು ಉದ್ದೂ ನೀರಲಿ ನೆನೆದು,
ಚಿಟಿಕೆಯ ಮೆಂತ್ಯವು ಜೊತೆಯಲಿ ಬೆರೆದು,
ಕಲ್ಲಿನ ಕೆಳಗೆ ನುಣ್ಣಗೆ ಅರೆದು,
ಉಬ್ಬಿದ ಹಿಟ್ಟಿದು, ಇರುಳನು ಕಳೆದು.

ಈ ಚರಣದಲ್ಲಿ ‘ಅಜ್ಜಿಯ ಕೈರುಚಿ’ ಎಂಬ ಮಾತನ್ನು ಸೇರಿಸಬೇಕೆಂದು ಸಭೆಯಲ್ಲಿ ಸಲಹೆ ಬಂದಿತ್ತು. ರುಬ್ಬುವುದು ಯಂತ್ರದ ಕಲ್ಲು ಎಂಬುದು ಎಲ್ಲರಿಗೂ ತಿಳಿದಿರುವಾಗ ಅಜ್ಜಿಯನ್ನು ಕರೆತರುವುದು ಸರಿ ಕಾಣಲಿಲ್ಲ. ರಾತ್ರಿಯಿಡೀ ಕಾಯುವುದು ಮಾತ್ರ ನಿಜವಾದದ್ದರಿಂದ ಹಾಡು ಅದನ್ನೇ ಹಿಡಿದು ನಡೆಯುತ್ತದೆ.

(ಚರಣ ಎರಡು.)

ಸೋಡಾ ಬೇಡ, ಬಣ್ಣವು ಬೇಡ,
ಉಬ್ಬಲು ಅವಸರ ಮಾಡಲೆಬೇಡ;
ಉದ್ದಿನ ಹದವೂ ಇರುಳಿನ ಬಿಸುಪೂ
ಕೂಡಿದ ಮೇಲೆ ಹತ್ತಿಯ ನುಣುಪು!

(ಇಲ್ಲಿ ಪಲ್ಲವಿಯ ಕೊನೆಯ ಸಾಲು ಮಾತ್ರ ಒಮ್ಮೆ. ಅನಂತರ ಕಾವಲಿಯ ಸದ್ದು. ತಾಳ ಇಮ್ಮಡಿಯಾಗುತ್ತದೆ, ಮಕ್ಕಳ ದನಿಗಳು ಸೇರುತ್ತವೆ.)

ಕಾದ ಕಾವಲಿಗೆ ನೀರನು ಚಿಮುಕಿಸು,
ಸೌಟಲಿ ಹಿಟ್ಟನು ದುಂಡಗೆ ತಿರುಗಿಸು,
ಅಂಚಿನ ಸುತ್ತಲು ತುಪ್ಪವ ತೊಟ್ಟಿಕಿಸು,
ಚುಂಯ್ಯೆಂಬ ಸದ್ದನು ಮನೆಗೆಲ್ಲ ಕೇಳಿಸು!

(ಸಂಗೀತ ತಗ್ಗುತ್ತದೆ. ವಯಸ್ಸಾದ ಗಂಡುದನಿ ಒಂದೇ ಉಸಿರಿನಲ್ಲಿ ಹೇಳಬೇಕಾದ ಮಾತು.)

ಸಾವಿರ ವರ್ಷಗಳಷ್ಟು ಹಿಂದಿನ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂದು ಕರೆಸಿಕೊಂಡು, ಕಾಲ ಸವೆಸಿದಂತೆ ಅಕ್ಷರಗಳನ್ನು ಕಳೆದುಕೊಳ್ಳುತ್ತ ಬಂದು, ಇಂದು ನಿಮ್ಮ ತಟ್ಟೆಯಲ್ಲಿ ಎರಡೇ ಅಕ್ಷರವಾಗಿ ಕುಳಿತಿರುವ ಇಡ್ಲಿಗೆ ಬೇಕಾದ ಹಿಟ್ಟು ಇದು!

(ಆ ಇಡ್ಡಲಿಗೆಯನ್ನು ಇಂದಿನಂತೆಯೇ ಮಾಡುತ್ತಿದ್ದರೆಂದು ಹಾಡು ಹೇಳುವುದಿಲ್ಲ, ಹೆಸರಿನ ಹಳಮೆಯನ್ನಷ್ಟೇ ಹೇಳುತ್ತದೆ. ಆದ್ದರಿಂದ ಧ್ವನಿಮುದ್ರಣದ ವೇಳೆ ‘ಅದೇ ರುಚಿ’ ಎಂಬ ಮಾತನ್ನು ಯಾರೂ ಸೇರಿಸಬಾರದೆಂದು ಕೋರುತ್ತೇನೆ.)

(ಕೊನೆಯ ಪಲ್ಲವಿ. ಎಲ್ಲ ದನಿಗಳೂ, ಚಪ್ಪಾಳೆಯೊಂದಿಗೆ.)

ನೆನೆಸುವ ಚಿಂತೆ ನಮಗಿರಲಿ,
ಕಾಯುವ ರಾತ್ರಿ ನಮಗಿರಲಿ,
ಬಿಸಿ ಬಿಸಿ ಇಡ್ಲಿ ನಿಮಗಿರಲಿ,
ಗರಿ ಗರಿ ದೋಸೆ ನಿಮಗಿರಲಿ!
ಮುಂಜಾವು, ಮುಂಜಾವು, ಮನೆಗೊಂದು ಮುಂಜಾವು!

ಇಪ್ಪತ್ತು ಸೆಕೆಂಡಿನ ರೂಪ

ಮಗಳು: ಅಮ್ಮ, ನಾಳೆ ಬೆಳಿಗ್ಗೆ ನೆಂಟರು ಬರುತ್ತಾರಂತೆ, ಹಿಟ್ಟು ರುಬ್ಬಿಲ್ಲವಲ್ಲ!

ತಾಯಿ: ಬರಲಿ ಬಿಡು.

ಕಾಯುವ ರಾತ್ರಿ ನಮಗಿರಲಿ,
ಬಿಸಿ ಬಿಸಿ ಇಡ್ಲಿ ನಿಮಗಿರಲಿ,
ನೆಂಟರ ಮೆಚ್ಚುಗೆ ನಿಮಗಿರಲಿ!
ಮುಂಜಾವು, ಮುಂಜಾವು, ಮನೆಗೊಂದು ಮುಂಜಾವು!

ನೆಂಟರ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಿದೆ. ‘ಮೆಚ್ಚುಗೆ’ ಎಂಬುದನ್ನು ಸ್ವಲ್ಪ ಬೇಗ ನುಡಿದರೆ ಅದು ತಾಳದೊಳಗೆ ಅಡಗುತ್ತದೆ.

ಹತ್ತು ಸೆಕೆಂಡಿನ ರೂಪ

(ಕಾವಲಿಯ ಸದ್ದು, ಕೂಡಲೇ ಮಕ್ಕಳ ದನಿ.)

ಕಾಯುವ ರಾತ್ರಿ ನಮಗಿರಲಿ,
ಗರಿ ಗರಿ ದೋಸೆ ನಿಮಗಿರಲಿ!
ಮುಂಜಾವು!

(ಮೂರು ರೂಪಗಳ ಕೊನೆಯಲ್ಲೂ ಅವಸರವಿಲ್ಲದೆ, ಸ್ಪಷ್ಟವಾಗಿ ಓದಬೇಕಾದ ಮಾತು.)

ಮುಂಜಾವು ಇಡ್ಲಿ-ದೋಸೆ ಹಿಟ್ಟನ್ನು ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ಅದು ಇನ್ನೂ ಉಬ್ಬುತ್ತದೆ, ಹುಳಿಯೂ ಏರುತ್ತದೆ. ಪೊಟ್ಟಣದ ಮೇಲಿರುವ ದಿನಾಂಕದೊಳಗೆ ಬಳಸಿ.